ಪಂಪ್ ನಿಂತ ಮೇಲೆ ನೀರು ಹಿಂದಕ್ಕೆ ಇಳಿಯುತ್ತಿದೆ, ಎನ್‌ಆರ್‌ವಿ ತೆರೆದೇ ಇದೆ

ಗೀತಾ: ಸಂಪ್‌ನಿಂದ ಮೇಲಿನ ಟ್ಯಾಂಕ್‌ಗೆ ನೀರೆತ್ತುವ 1 ಎಚ್‌ಪಿ ಮೊನೊಬ್ಲಾಕ್. ಸಂಪ್‌ನ ನೀರಿನ ಮಟ್ಟಕ್ಕಿಂತ ಪಂಪ್ 3 ಮೀಟರ್ ಎತ್ತರದಲ್ಲಿದೆ. ಸಕ್ಷನ್ ಪೈಪ್ ಒಂದೂಕಾಲು ಇಂಚು, ಉದ್ದ 5 ಮೀಟರ್. ಪಂಪ್‌ನ ಮೇಲ್ಗಡೆ ನೀರು ವಾಪಸ್ ಬರದಂತೆ ತಡೆಯುವ ವಾಲ್ವ್, ಅಂದರೆ ಎನ್‌ಆರ್‌ವಿ, ಅದರಾಚೆ ಗೇಟ್ ವಾಲ್ವ್ ಇವೆ. ಸ್ವಿಚ್ ಆಫ್ ಮಾಡಿದ ಕೂಡಲೇ ಪೈಪ್‌ನಲ್ಲಿ ಗಳಗಳ ಸದ್ದು. ಮಾರನೇ ದಿನ ಸುಮಾರು 5 ಲೀಟರ್ ನೀರು ಸುರಿದರೆ ಮಾತ್ರ ಪಂಪ್ ಎಳೆಯುತ್ತದೆ. ಎನ್‌ಆರ್‌ವಿ ಬದಲಿಸಿದರೆ ಸಾಕೇ?

ಪ್ರಕಾಶ್: ಸಾಕು ಮೇಡಂ. ಎನ್‌ಆರ್‌ವಿ ಕೆಟ್ಟಿದ್ದರಿಂದಲೇ ಟ್ಯಾಂಕ್ ಕಡೆಯ ನೀರು ವಾಪಸ್ ಬರುತ್ತಿದೆ. ಹೊಸದು ಹಾಕಿದರೆ ಪಂಪ್‌ನಲ್ಲಿ ನೀರು ನಿಲ್ಲುತ್ತದೆ.

ಶಿವಣ್ಣ: ಪ್ರಕಾಶ್ ಹೇಳಿದ್ದು ಅರ್ಧ ಸರಿ. ಹಿಂದಕ್ಕೆ ಬಂದ ನೀರು ಕೊನೆಗೆ ಎಲ್ಲಿಗೆ ಹೋಯಿತು ಅಂತ ಕೇಳಿಕೊಳ್ಳಬೇಕು. ಹೊರಗೆಲ್ಲೂ ಚೆಲ್ಲಿಲ್ಲ ಅಂದರೆ ಸಕ್ಷನ್ ಪೈಪ್‌ನ ತುದಿಯಿಂದ ಸಂಪ್‌ಗೇ ಇಳಿದಿದೆ. ಅಂದರೆ ಆ ತುದಿಯಲ್ಲಿ ನೀರು ಹಿಡಿದಿಡಬೇಕಾದ ಫುಟ್ ವಾಲ್ವ್ ಕೂಡ ನೀರು ಬಿಡುತ್ತಿದೆ. ಅದು ಗಟ್ಟಿಯಾಗಿ ಕೂತಿದ್ದರೆ ಮೇಲಿನ ಎನ್‌ಆರ್‌ವಿ ತೆರೆದೇ ಇದ್ದರೂ ಪಂಪ್ ಖಾಲಿಯಾಗುತ್ತಿರಲಿಲ್ಲ.

ನೀವು ಸುರಿಯುವ ನೀರೂ ಅದನ್ನೇ ಹೇಳುತ್ತಿದೆ. ಒಂದೂಕಾಲು ಇಂಚಿನ ಪೈಪ್ ಮೀಟರಿಗೆ ಹತ್ತಿರ ಹತ್ತಿರ 0.8 ಲೀಟರ್ ಹಿಡಿಯುತ್ತದೆ. 5 ಮೀಟರಿಗೆ 4 ಲೀಟರ್, ಪಂಪ್‌ನ ಹೊಟ್ಟೆಗೆ ಇನ್ನೊಂದು ಲೀಟರ್. 5 ಲೀಟರ್ ಬೇಕಾಗುತ್ತಿದೆ ಅಂದರೆ ಸಕ್ಷನ್ ಪೂರ್ತಿ ಬರಿದಾಗಿದೆ. ಒಂದು ಲೀಟರಿಗೇ ತುಂಬುವಂತಿದ್ದರೆ ಶಾಫ್ಟ್ ಸುತ್ತ ನೀರು ಸೋರದಂತೆ ತಡೆಯುವ ಗ್ಲ್ಯಾಂಡ್ ಅಥವಾ ಸೀಲ್ ಕಡೆ ನೋಡಿ ಅನ್ನುತ್ತಿದ್ದೆ.

ಎನ್‌ಆರ್‌ವಿ ಮಾತ್ರ ಬದಲಿಸಿದರೆ ಕೆಲವು ದಿನ ಸರಿಹೋದಂತೆ ಕಾಣಬಹುದು. ಮೇಲಿನಿಂದ ಗಾಳಿ ಬರುವ ದಾರಿ ಮುಚ್ಚಿದ್ದರಿಂದ ಸಕ್ಷನ್‌ನ ನೀರು ಕೆಳಗಿಳಿಯದೆ ತೂಗಿ ನಿಲ್ಲುತ್ತದೆ. ಗ್ಲ್ಯಾಂಡ್‌ನಲ್ಲೋ ಪ್ಲಗ್‌ನಲ್ಲೋ ಸ್ವಲ್ಪ ಗಾಳಿ ಒಳಹೊಕ್ಕಿತೋ, ಮತ್ತೆ ಅದೇ ಪಾಡು.

ಇಮ್ರಾನ್: ನಮ್ಮ ಬೋರ್‌ವೆಲ್ ಮೋಟರ್‌ಗೂ ಇದೇ ತೊಂದರೆ. ಆನ್ ಮಾಡಿದರೆ ಮೇಲೆ ನೀರು ಬರಲು ತುಂಬಾ ಹೊತ್ತು ಬೇಕು. ಫುಟ್ ವಾಲ್ವ್ ಹಾಕಿಸಬೇಕಾ?

ಶಿವಣ್ಣ: ನಿಮ್ಮದು ಬೇರೆ ವಿಷಯ ಇಮ್ರಾನ್. ಸಬ್‌ಮರ್ಸಿಬಲ್ ನೀರಿನೊಳಗೇ ಇರುವುದರಿಂದ ಪ್ರೈಮ್ ಹೋಗುವ, ಅಂದರೆ ಪಂಪ್‌ನೊಳಗಿನ ನೀರು ಖಾಲಿಯಾಗುವ ಪ್ರಶ್ನೆ ಇಲ್ಲ, ಫುಟ್ ವಾಲ್ವ್ ಬೇಡ. ಪಂಪ್‌ನ ತಲೆಯಲ್ಲಿರುವ ವಾಲ್ವ್ ನೀರು ಬಿಡುತ್ತಿದ್ದರೆ ಪೈಪ್ ಖಾಲಿಯಾಗಿ, ಪ್ರತಿ ಸಲ ತುಂಬುವಷ್ಟು ಹೊತ್ತು ಕಾಯಬೇಕಾಗುತ್ತದೆ. ಬೋರ್‌ನ ನೀರು ಕೆಳಗೆ ಹೋಗಿದ್ದರೂ ಹಾಗೇ ಆಗುತ್ತದೆ, ಮೊದಲು ಅದನ್ನು ನೋಡಿಸಿ.

ಗೀತಾ: ಎರಡರಲ್ಲಿ ಯಾವುದು ಎಷ್ಟು ಕೆಟ್ಟಿದೆ ಅಂತ ಬಿಚ್ಚದೆ ತಿಳಿಯಬಹುದಾ?

ಶಿವಣ್ಣ: ತಿಳಿಯಬಹುದು. ಎರಡನ್ನೂ ಬೇರೆ ಬೇರೆಯಾಗಿ ನೋಡಿ. ಮೊದಲು ಮೇಲಿನದು. ಪಂಪ್ ಸ್ವಲ್ಪ ಹೊತ್ತು ಓಡಲಿ, ಪೈಪ್ ತುಂಬಲಿ. ಆಫ್ ಮಾಡಿ, ಮೇನ್ ಸ್ವಿಚ್ಚನ್ನೂ ತೆಗೆಯಿರಿ. ಗೇಟ್ ವಾಲ್ವ್ ತೆರೆದೇ ಇರಲಿ. ಶಾಫ್ಟ್ ಹಿಂದಕ್ಕೆ ತಿರುಗುತ್ತಿದೆಯಾ ನೋಡಿ. ತಿರುಗುತ್ತಿದ್ದರೆ ಎರಡೂ ವಾಲ್ವ್‌ಗಳು ನೀರು ಬಿಡುತ್ತಿವೆ. ತಿರುಗದಿದ್ದರೆ ನೀರು ಇಳಿದುಹೋಗುವ ಮುಂಚೆಯೇ ಪ್ರೈಮಿಂಗ್ ಪ್ಲಗ್ಗನ್ನು ಒಂದೆರಡು ಸುತ್ತು ಮಾತ್ರ ಸಡಿಲಿಸಿ. ಎನ್‌ಆರ್‌ವಿ ಚೆನ್ನಾಗಿದ್ದರೆ ಸ್ವಲ್ಪ ನೀರು ಬಂದು ನಿಲ್ಲುತ್ತದೆ. ತೆರೆದೇ ಇದ್ದರೆ ಟ್ಯಾಂಕ್ ಪೈಪ್‌ನ ನೀರಿನ ಒತ್ತಡಕ್ಕೆ ಚಿಮ್ಮುತ್ತಲೇ ಇರುತ್ತದೆ. ಮುಖ ದೂರ ಇಟ್ಟುಕೊಳ್ಳಿ.

ಆಮೇಲೆ ಕೆಳಗಿನದು. ಗೇಟ್ ವಾಲ್ವ್ ಮುಚ್ಚಿ, ಪ್ಲಗ್ ತೆಗೆದು ಕಂಠದವರೆಗೆ ನೀರು ತುಂಬಿ, ಗಾಳಿ ಗುಳ್ಳೆ ನಿಲ್ಲುವ ತನಕ ಸುರಿಯುತ್ತಿರಿ. 10 ನಿಮಿಷ ಬಿಟ್ಟು ಮಟ್ಟ ನೋಡಿ. ಈ ಹೊತ್ತಲ್ಲೇ ಸಕ್ಷನ್ ಪೈಪ್‌ನ ಜಾಯಿಂಟ್‌ಗಳನ್ನೂ ಕೈಯಿಂದ ಸವರಿ. ಪಂಪ್ ಓಡುವಾಗ ಬಿರುಕು ಗಾಳಿ ಎಳೆಯುತ್ತದೆ, ನೀರು ಕಾಣುವುದಿಲ್ಲ. ಹೀಗೆ ತುಂಬಿ ನಿಂತಾಗ ಅದೇ ಬಿರುಕು ಹೊರಗೆ ತೊಟ್ಟಿಕ್ಕುತ್ತದೆ. ಎಲ್ಲೂ ಒದ್ದೆ ಇಲ್ಲದೆ ಮಟ್ಟ ಇಳಿದರೆ ಫುಟ್ ವಾಲ್ವೇ.

ಶಾಫ್ಟ್ ಹಿಂದಕ್ಕೆ ತಿರುಗುತ್ತಿರುವಾಗ ಮಾತ್ರ ಯಾವ ಕಾರಣಕ್ಕೂ ಮತ್ತೆ ಆನ್ ಮಾಡಬೇಡಿ. ಸಿಂಗಲ್ ಫೇಸ್ ಮೋಟರ್ ಆ ದಿಕ್ಕಿಗೇ ಓಡಿಬಿಡಬಹುದು.

ಗೀತಾ: ನೋಡಿದೆ. ಶಾಫ್ಟ್ ಹಿಂದಕ್ಕೆ ತಿರುಗಿತು. ಕಂಠದ ನೀರು 2 ನಿಮಿಷಕ್ಕೆ ಮಾಯ, ಜಾಯಿಂಟ್‌ಗಳು ಒಣಗಿಯೇ ಇದ್ದವು. ಎನ್‌ಆರ್‌ವಿ ಮುಚ್ಚಳ ಬಿಚ್ಚಿದರೆ ಫ್ಲಾಪ್‌ನ ಪಿನ್ ಮೇಲೆ ಬಿಳಿ ಗಾರೆ ಕಟ್ಟಿದೆ, ಟೆಫ್ಲಾನ್ ಟೇಪ್‌ನ ಎಳೆಯೊಂದು ಸುತ್ತಿಕೊಂಡಿದೆ. ಫ್ಲಾಪ್ ಎತ್ತಿದಲ್ಲೇ ನಿಲ್ಲುತ್ತದೆ.

ಶಕುಂತಲಾ: ಟೇಪ್‌ನ ಎಳೆ ತುಂಬಾ ಸಾಮಾನ್ಯ. ಪೈಪ್‌ನ ತುದಿಯ ಮೊದಲ ಎರಡು ಎಳೆ ಥ್ರೆಡ್ ಖಾಲಿ ಬಿಟ್ಟು ಟೇಪ್ ಸುತ್ತಿದ್ದರೆ ಚೂರು ಒಳಗೆ ಹೋಗುತ್ತಿರಲಿಲ್ಲ. ಫ್ಲಾಪ್ ಹೊರಬರುವಂತಿದ್ದರೆ ತೆಗೆದು, ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಒಂದು ಗಂಟೆ ನೆನೆಸಿಡಿ, ಹಳೆ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ. ಹಿತ್ತಾಳೆಗೆ ಕಕ್ಕಸು ತೊಳೆಯುವ ಆಸಿಡ್ ಹಾಕಬೇಡಿ, ಸೀಟ್ ತಿಂದುಹಾಕುತ್ತದೆ. ಸೀಟ್‌ನ ಸುತ್ತ ಉಗುರು ಎಳೆದು ನೋಡಿ, ಉಗುರು ಸಿಕ್ಕಿಕೊಳ್ಳುವಷ್ಟು ಗಾಯ ಇದ್ದರೆ ತೊಳೆದು ಪ್ರಯೋಜನವಿಲ್ಲ. ಪಿನ್ ಸವೆದು ಫ್ಲಾಪ್ ಓರೆಯಾಗಿ ಕೂರುತ್ತಿದ್ದರೂ ಅಷ್ಟೇ.

ಬದಲಿಸುವುದಾದರೆ ಈ ನಿಂತ ಪೈಪ್‌ಗೆ ಸ್ಪ್ರಿಂಗ್‌ನದ್ದೇ ಹಾಕಿ. ನೀರು ವಾಪಸ್ ಬೀಳುವ ಮೊದಲೇ ಮುಚ್ಚಿಕೊಳ್ಳುತ್ತದೆ, ಬಡಿತ ಕಡಿಮೆ.

ಶಿವಣ್ಣ: ಸ್ಪ್ರಿಂಗ್ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ಸಂಪ್‌ನಲ್ಲಿ ಮರಳು ಇದ್ದರೆ ಅದರ ದಂಡಕ್ಕೆ ಸಿಕ್ಕಿಕೊಂಡು ಇದೇ ರೀತಿ ತೆರೆದೇ ನಿಲ್ಲುತ್ತದೆ. ಎಷ್ಟೋ ಸ್ಪ್ರಿಂಗ್ ವಾಲ್ವ್‌ಗಳನ್ನು ಬಿಚ್ಚಿ ತೊಳೆಯಲೂ ಬರುವುದಿಲ್ಲ. ಫ್ಲಾಪ್‌ನದ್ದಾದರೆ ಮುಚ್ಚಳ ತೆಗೆದರೆ ಮುಗಿಯಿತು.

ಶಕುಂತಲಾ: ಫುಟ್ ವಾಲ್ವ್‌ಗೆ ಜಾಲರಿ ಇದ್ದಮೇಲೆ ಅಷ್ಟು ಮರಳು ಮೇಲೆ ಬರುವುದಿಲ್ಲ ಅಣ್ಣ.

ಶಿವಣ್ಣ: ಜಾಲರಿ ಕಸ ತಡೆಯುತ್ತದೆ, ಸಣ್ಣ ಮರಳನ್ನಲ್ಲ. ಇರಲಿ, ಗೀತಾ ಅವರು ತಮ್ಮ ಸಂಪ್‌ನ ತಳ ನೋಡಿ ತೀರ್ಮಾನಿಸಲಿ. ಯಾವುದೇ ಆದರೂ ಬಾಣದ ಗುರುತು ಮೇಲ್ಮುಖವಾಗಿರಬೇಕು. ಬಿಗಿಯುವಾಗ ಪೈಪ್ ಹೋಗುತ್ತಿರುವ ತುದಿಯ ಷಟ್ಕೋನಕ್ಕೇ ಸ್ಪ್ಯಾನರ್ ಹಿಡಿಯಿರಿ. ಇನ್ನೊಂದು ತುದಿ ಹಿಡಿದು ತಿರುಚಿದರೆ ಒಡಲು ಸೊಟ್ಟಗಾಗಿ ಹೊಸ ವಾಲ್ವೂ ಸೋರುತ್ತದೆ.

ಫುಟ್ ವಾಲ್ವ್ ಮೇಲೆತ್ತಿದಾಗ ಜಾಲರಿ ಬಿಚ್ಚಿ ರಬ್ಬರ್ ವಾಷರ್ ನೋಡಿ. ಸೀಟ್‌ನ ಅಚ್ಚು ಆಳವಾಗಿ ಬಿದ್ದು ಗಟ್ಟಿಯಾಗಿದ್ದರೆ ವಾಷರ್ ಬದಲಿಸಿ. ವಾಪಸ್ ಇಳಿಸುವ ಮೊದಲು ಅದಕ್ಕೆ ಒಂದು ಮೀಟರ್ ಪೈಪ್ ತುಂಡು ಜೋಡಿಸಿ, ನೆಟ್ಟಗೆ ಹಿಡಿದು ನೀರು ತುಂಬಿ ನೋಡಿ. ಇಲ್ಲೇ ಸೋರಿದರೆ ಕೆಳಗೂ ಸೋರುತ್ತದೆ. ಇಳಿಸುವಾಗ ತಳದಿಂದ ಒಂದಡಿಯಾದರೂ ಮೇಲಿರಲಿ.

ಪ್ರಕಾಶ್: ಅಷ್ಟೆಲ್ಲ ಯಾಕೆ, ಪಂಪ್‌ನ ಬಾಯಲ್ಲೇ ಸಕ್ಷನ್‌ಗೆ ಇನ್ನೊಂದು ಎನ್‌ಆರ್‌ವಿ ಹಾಕಿದರೆ ಸಂಪ್‌ಗೆ ಇಳಿಯೋದೇ ಬೇಡವಲ್ಲ?

ಶಿವಣ್ಣ: ಪಂಪ್‌ನ ಹೊಟ್ಟೆಯಲ್ಲಿ ನೀರು ಉಳಿಯುತ್ತದೆ, ಆದರೆ ಸೋರುವ ಫುಟ್ ವಾಲ್ವ್‌ನಿಂದ ಕೆಳಗಿನ ಪೈಪ್ ಖಾಲಿಯಾಗಿ ಗಾಳಿ ತುಂಬಬಹುದು. ಆ 4 ಲೀಟರ್ ಗಾಳಿಯನ್ನು ಸಾಮಾನ್ಯ ಮೊನೊಬ್ಲಾಕ್ ಎಳೆದು ಹಾಕಲಾರದು. ಕಂಠದಿಂದ ಸುರಿದ ನೀರೂ ಆ ವಾಲ್ವ್ ದಾಟಿ ಕೆಳಗೆ ಹೋಗುವುದಿಲ್ಲ, ಪ್ರೈಮ್ ಮಾಡುವ ದಾರಿಯೇ ಮುಚ್ಚುತ್ತದೆ.

ಗೀತಾ: ಎನ್‌ಆರ್‌ವಿ ತೊಳೆದು ಹಾಕಿದೆ, ಫುಟ್ ವಾಲ್ವ್‌ಗೆ ಹೊಸ ವಾಷರ್. ಸದ್ದು ನಿಂತಿದೆ, ನೀರು ಸುರಿಯದೆ ಪಂಪ್ ಎಳೆಯುತ್ತಿದೆ. ಆದರೂ ಬೆಳಗ್ಗೆ ಪ್ಲಗ್ ತೆಗೆದರೆ ಮಟ್ಟ ಎರಡು ಬೆರಳು ಇಳಿದಿರುತ್ತದೆ.

ಶಕುಂತಲಾ: ಹೊಸ ವಾಷರ್ ಕೂರಲು ಸ್ವಲ್ಪ ದಿನ ಬೇಕು ಅನಿಸುತ್ತೆ.

ಶಿವಣ್ಣ: ಗ್ಲ್ಯಾಂಡ್ ಕೂಡ ಇರಬಹುದು. ರಾತ್ರಿ ಪಂಪ್ ಆಫ್ ಮಾಡಿದ ಮೇಲೆ ಶಾಫ್ಟ್‌ನ ಕೆಳಗೆ ಒಣ ಕಾಗದ ಹಾಸಿಡಿ. ಬೆಳಗ್ಗೆ ಅದು ಒದ್ದೆಯಾಗಿದ್ದರೆ ಗ್ಲ್ಯಾಂಡ್ ನಟ್‌ಗಳನ್ನು ಎರಡೂ ಕಡೆ ಸಮನಾಗಿ ಕಾಲು ಸುತ್ತು ಬಿಗಿದು ಮತ್ತೆ ನೋಡಿ.