ಔಷಧಿ ಖರೀದಿ ಬಿಲ್ ಫೋಟೊದಿಂದ ಸ್ಟಾಕ್ ಎಂಟ್ರಿ: ಮೊತ್ತ ಸರಿ ಬಂದರೂ ಬ್ಯಾಚ್ ತಪ್ಪೋದು ಹೇಗೆ?

ಗಿರಿನಗರ: ಮೇಡಂ, ಸ್ಟಾಕಿಸ್ಟ್ ಬಿಲ್ ಫೋಟೊ ಹಾಕಿದರೆ ಸಾಫ್ಟ್‌ವೇರ್ ಎಲ್ಲ ಎತ್ಕೊಳ್ಳುತ್ತೆ, ಬಿಲ್ ಟೋಟಲ್ಲೂ ಟ್ಯಾಲಿ ಆಗುತ್ತೆ. ಆದರೆ ಪ್ಯಾಂಟೊಪ್ರಜೋಲ್ 40ಕ್ಕೆ ಒಂದೇ ಬ್ಯಾಚಲ್ಲಿ 33 ಸ್ಟ್ರಿಪ್ ತೋರಿಸ್ತಿದೆ, ರ‍್ಯಾಕಲ್ಲಿ ಎರಡು ಬ್ಯಾಚ್ ಇದೆ. ಎಲ್ಲಿ ತಪ್ಪಿದೆ? ಬಿಲ್ ಫೋಟೊ ಹಾಕಿದ್ದೀನಿ.

ಸಾಫ್ಟ್‌ವೇರ್ ಮೇಡಂ: ಬಿಲ್ ನೋಡಿದೆ. ಮೊದಲ ಸಾಲು: ಬ್ಯಾಚ್ `GT0518`, ಎಕ್ಸ್‌ಪೈರಿ 08/27, 20 ಸ್ಟ್ರಿಪ್, ಫ್ರೀ 2, ರೇಟ್ 80, ಮೊತ್ತ 1600. ಅದರ ಕೆಳಗಿನ ಸಾಲಲ್ಲಿ ಔಷಧಿ ಹೆಸರೇ ಇಲ್ಲ: `GT0524`, 03/27, 10 ಸ್ಟ್ರಿಪ್, ಫ್ರೀ 1, ಮೊತ್ತ 800. ಒಂದೇ ಐಟಂ ಎರಡು ಬ್ಯಾಚಲ್ಲಿ ಬಂದಾಗ ಕೆಲವರು ಹೆಸರನ್ನ ಒಂದೇ ಸಲ ಪ್ರಿಂಟ್ ಮಾಡ್ತಾರೆ. ನಿಮ್ಮ ಸಾಫ್ಟ್‌ವೇರ್ ಹೆಸರು ಇರೋದನ್ನ ಮಾತ್ರ ಹೊಸ ಸಾಲು ಅಂತ ಎಣಿಸುತ್ತೆ. ಹಾಗಾಗಿ ಎರಡನೇದನ್ನ ಮೇಲಿನದಕ್ಕೆ ಕೂಡಿಸಿದೆ. 1600ಕ್ಕೆ 800 ಸೇರಿ 2400 ಆಯ್ತು, ಟೋಟಲ್ ಟ್ಯಾಲಿ ಆಯ್ತು, ಯಾರಿಗೂ ಅನುಮಾನ ಬರಲಿಲ್ಲ. ಮಾರ್ಚ್‌ಗೆ ಮುಗಿಯೋ 11 ಸ್ಟ್ರಿಪ್ ಈಗ ಆಗಸ್ಟ್ ಲೆಕ್ಕದಲ್ಲಿ ಕೂತಿವೆ.

ಸಾಲನ್ನ ಹೆಸರಿನಿಂದ ಗುರುತಿಸಬಾರದು, ಎಕ್ಸ್‌ಪೈರಿಯಿಂದ ಗುರುತಿಸಬೇಕು. ಎಕ್ಸ್‌ಪೈರಿ ಕಾಲಂ ಒಳಗೆ ತಿಂಗಳು/ವರ್ಷ ಎಷ್ಟು ಸಲ ಕಾಣುತ್ತೋ ಅಷ್ಟು ಸಾಲು. ಹೆಸರು ಖಾಲಿ ಇದ್ದರೆ ಮೇಲಿನದನ್ನ ನಕಲು ಮಾಡಲಿ. ಎಕ್ಸ್‌ಪೈರಿಯೂ ಮೊತ್ತವೂ ಇಲ್ಲದ ಸಾಲು ಬಂದರೆ ಅದು ಉದ್ದದ ಹೆಸರಿನ ಮುಂದುವರಿಕೆ, ಮೇಲಿನ ಹೆಸರಿಗೆ ಸೇರಿಸಿ. ಇದಕ್ಕೆ ಬರೀ ಅಕ್ಷರ ಸಾಲದು, ಅದು ಕಾಗದದಲ್ಲಿ ಎಲ್ಲಿ ಕೂತಿದೆ ಅನ್ನೋದೂ ಬೇಕು. ಫೋಟೊದಿಂದ ಅಕ್ಷರ ಓದೋ ಟೆಸರಾಕ್ಟ್ ಪ್ರೋಗ್ರಾಂನ ಹೀಗೆ ಓಡಿಸಿ:

```
tesseract bill.png bill --psm 6 tsv
```

ಇದರಲ್ಲಿ ಪ್ರತಿ ಪದಕ್ಕೂ `left`, `top` ಸಿಗುತ್ತೆ. ತಲೆಸಾಲಿನ Batch, Exp, Qty, Free ಪದಗಳ `left` ನೋಡಿ ಕೆಳಗಿನದನ್ನ ಆಯಾ ಕಾಲಂಗೆ ಹಾಕಿ. ಹಾಗೆ ಮಾಡದಿದ್ದರೆ ಫ್ರೀ ಖಾಲಿ ಇರೋ ಸಾಲಲ್ಲಿ ಮುಂದಿನ ಅಂಕಿ ಫ್ರೀ ಒಳಗೆ ಜಾರುತ್ತೆ.

ಯಲಹಂಕ: ಫಾರ್ವರ್ಡ್ ಬಂದಿದೆ ನೋಡಿ: ಸ್ಕ್ಯಾನರ್ ಆ್ಯಪಲ್ಲಿ ಪೂರ್ತಿ ಕಪ್ಪು-ಬಿಳುಪು ಮಾಡಿ, ಬ್ಯಾಚಲ್ಲಿರೋ ಓ ಎಲ್ಲ ಸೊನ್ನೆ ಮಾಡಿದರೆ 100% ಸರಿ 🙏

ಸಾಫ್ಟ್‌ವೇರ್ ಮೇಡಂ: ದಯವಿಟ್ಟು ಎರಡನ್ನೂ ಮಾಡಬೇಡಿ. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟ್ ಮಾಸಿದ್ದರೆ ಕಪ್ಪು-ಬಿಳುಪಲ್ಲಿ ಚುಕ್ಕೆಗಳು ಉದುರಿ 8 ಹೋಗಿ 3 ಆಗುತ್ತೆ. ಮೊದಲು ಸ್ವಲ್ಪ ಮಸುಕು ಮಾಡಿ ಚುಕ್ಕೆ ಕೂಡಿಸಬೇಕು. ಇನ್ನು ಬ್ಯಾಚಲ್ಲಿ ನಿಜವಾದ ಓ ಇರುತ್ತೆ ಸ್ವಾಮಿ. ಸೊನ್ನೆ ಮಾಡಿದರೆ ಸಿಡಿಎಸ್‌ಸಿಒ ತಿಂಗಳ ಪಟ್ಟಿಯಲ್ಲಿ ಆ ಬ್ಯಾಚ್ ಕಳಪೆ ಅಂತ ಬಂದರೂ ನಿಮ್ಮ ಸ್ಟಾಕಲ್ಲಿ ಹುಡುಕಿದರೆ ಸಿಗಲ್ಲ.

ವಿಜಯನಗರ: ರೇಟ್ ಗುಣಿಸು ಕ್ವಾಂಟಿಟಿ, ಡಿಸ್ಕೌಂಟ್ ಕಳೆದು ಮೊತ್ತ ಬಂದರೆ ಸಾಲು ಪೂರ್ತಿ ಸರಿ ಅಂತಲೇ ಅರ್ಥ. ಇಷ್ಟೆಲ್ಲ ಯಾಕೆ?

ಸಾಫ್ಟ್‌ವೇರ್ ಮೇಡಂ: ಕ್ವಾಂಟಿಟಿ, ರೇಟ್ ಮಟ್ಟಿಗೆ ಹೌದು. ಫ್ರೀ, ಬ್ಯಾಚ್, ಎಕ್ಸ್‌ಪೈರಿ ಆ ಲೆಕ್ಕದೊಳಗೆ ಬರೋದೇ ಇಲ್ಲ. ಎಂಆರ್‌ಪಿ ಕೂಡ ಬರಲ್ಲ, ಅದು ರೇಟಿಗಿಂತ ಕಡಿಮೆ ಇದ್ದರೆ ಕಾಲಂ ಅದಲುಬದಲು ಆಗಿದೆ ಅಂತ ಗೊತ್ತಾಗುತ್ತೆ, ಅಷ್ಟೆ.

ಮಲ್ಲೇಶ್ವರ: ಫ್ರೀ ಸೇರಿಸಿ 1600 ಭಾಗಿಸು 22, ಅಂದರೆ 72.73 ಅಂತ ಕೊಳ್ಳೋ ಬೆಲೆ ಹಾಕ್ಬೇಕು. ನಾವು ಹಾಗೇ ಹಾಕೋದು.

ವಿಜಯನಗರ: ತಪ್ಪು ಸರ್. ಬಿಲ್ಲಲ್ಲಿ 80 ಇದ್ದರೆ 80 ಹಾಕಿ. ನಾಳೆ ಎಕ್ಸ್‌ಪೈರಿ ರಿಟರ್ನ್ ಮಾಡುವಾಗ 72.73ಕ್ಕೆ ಯಾವ ಬಿಲ್ ತೋರಿಸ್ತೀರಾ?

ಮಲ್ಲೇಶ್ವರ: ಹಾಗಾದ್ರೆ ಲಾಭ ಎಷ್ಟು ಅಂತ ನಿಮಗೆ ಗೊತ್ತಾಗೋದು ಹೇಗೆ? ಅಂಗಡಿ ನಡೆಸ್ತೀರೋ, ಬಿಲ್ ಜೋಡಿಸಿ ಇಡ್ತೀರೋ?

ವಿಜಯನಗರ: ಮಾತು ನೋಡ್ಕೊಂಡು ಆಡಿ.

ಬನಶಂಕರಿ: ಮೇಡಂ, ಗಿರಾಕಿಗೆ ಕೊಡೋ ಬಿಲ್ಲಲ್ಲಿ ಬ್ಯಾಚ್ ಪ್ರಿಂಟ್ ಆಗ್ತಿಲ್ಲ, ಏನ್ಮಾಡ್ಲಿ?

ಸಾಫ್ಟ್‌ವೇರ್ ಮೇಡಂ: ಇಲ್ಲಿ ಖರೀದಿ ಬಿಲ್ ವಿಷಯ ನಡೀತಿದೆ.

ಗಿರಿನಗರ: ಮೇಡಂ, ಸಾಲು ಬೇರೆ ಮಾಡೋದು ಅರ್ಥ ಆಯ್ತು. 03 ಮತ್ತು 08 ಅದಲುಬದಲಾದರೆ ಹಿಡಿಯೋದು ಹೇಗೆ? ಎರಡೂ ಸರಿಯಾದ ತಿಂಗಳೇ.

ಸಾಫ್ಟ್‌ವೇರ್ ಮೇಡಂ: ಒಳ್ಳೆ ಪ್ರಶ್ನೆ. ಒಂದು ಔಷಧಿಯ ಒಂದು ಬ್ಯಾಚಿಗೆ ಒಂದೇ ಎಕ್ಸ್‌ಪೈರಿ ಇರುತ್ತೆ. ಅದೇ ಬ್ಯಾಚ್ ಹಿಂದೆ ಬೇರೆ ಎಕ್ಸ್‌ಪೈರಿಯಲ್ಲಿ ಎಂಟ್ರಿ ಆಗಿದ್ದರೆ ಸಾಫ್ಟ್‌ವೇರ್ ಅಲ್ಲೇ ನಿಲ್ಲಿಸಿ ಕೇಳಲಿ. ಮೊದಲ ಸಲ ಬಂದ ಬ್ಯಾಚಿಗೆ ಈ ಉಪಾಯ ನಡೆಯಲ್ಲ, ಸ್ಟ್ರಿಪ್ ನೋಡಲೇಬೇಕು. 2023ರ ಆಗಸ್ಟ್‌ನಿಂದ 300 ಬ್ರ್ಯಾಂಡ್‌ಗಳಿಗೆ ಕ್ಯೂಆರ್ ಅಥವಾ ಬಾರ್‌ಕೋಡ್ ಕಡ್ಡಾಯ, ಅದರಲ್ಲಿ ಬ್ಯಾಚ್, ಎಕ್ಸ್‌ಪೈರಿ ಎರಡೂ ಇರುತ್ತೆ. ಅವುಗಳಿಗೆ ಸ್ಕ್ಯಾನ್ ಮಾಡಿ ತಾಳೆ ನೋಡಿ. ಟೆಸರಾಕ್ಟ್ ತನ್ನ ಓದಿನ ಮೇಲೆ ಎಷ್ಟು ಭರವಸೆ ಅಂತ ಕೊಡೋ `conf` ಅಂಕ 95 ಇದೆ ಅಂತ ನಂಬಬೇಡಿ, ತಪ್ಪು ಓದಿದ ಅಂಕಿಗೂ ಅಷ್ಟೇ ಕೊಡಬಹುದು.

ಯಲಹಂಕ: ಅಂದ್ರೆ ಕಪ್ಪು-ಬಿಳುಪು ಮಾಡಿ, ಆಮೇಲೆ ಸ್ಕ್ಯಾನ್ ಮಾಡೋದಾ?

ಸಾಫ್ಟ್‌ವೇರ್ ಮೇಡಂ: ಮೇಲೆ ಬರೆದಿದ್ದೀನಿ. ಓದಿ.

ಕೆಂಗೇರಿ: ಕೈಬರಹದ ಬಿಲ್ ಓದುತ್ತಾ?

ಮಲ್ಲೇಶ್ವರ: ಫ್ರೀ ವಿಷಯಕ್ಕೆ ಮೇಡಂ ಒಂದು ತೀರ್ಪು ಕೊಡಲಿ, ಇವರು ಒಪ್ಪಲ್ಲ.

ಸಾಫ್ಟ್‌ವೇರ್ ಮೇಡಂ: ಅದು ನಿಮ್ಮ ಆಡಿಟರ್ ಹತ್ತಿರ ಕೇಳಿ. ಫೋಟೊದಿಂದ ಎತ್ತುವಾಗ 20, 2, 80 ಮೂರೂ ಬೇರೆ ಬೇರೆ ಕಾಲಂ ಆಗಿ ಉಳಿಯಲಿ. ಅಲ್ಲೇ 22 ಮಾಡಿಬಿಟ್ಟರೆ ಆಮೇಲೆ ಇಬ್ಬರಿಗೂ ಲೆಕ್ಕ ಸಿಗಲ್ಲ. ಮತ್ತೆ, ಫೋಟೊನ ವಾಟ್ಸಾಪಲ್ಲಿ ಫೋಟೊ ಅಂತ ಕಳಿಸಬೇಡಿ, ಡಾಕ್ಯುಮೆಂಟ್ ಅಂತ ಕಳಿಸಿ. ಇಲ್ಲಿ ಹಾಕಿರೋ ಅರ್ಧ ಬಿಲ್ಲುಗಳನ್ನ ನನಗೇ ಓದೋಕಾಗ್ತಿಲ್ಲ.

ಕೆಂಗೇರಿ: ಕೈಬರಹ??