ಸಹಾಯ ಬೇಕು: ಪವರ್ ಕಾರ್ಡ್ ರಿಫ್ ಮಿಕ್ಸೊಲಿಡಿಯನ್ನೋ, ಡೋರಿಯನ್ನೋ?

ಡಿ ಮಿಕ್ಸೊಲಿಡಿಯನ್‌ನಲ್ಲಿ ಎಫ್ ಶಾರ್ಪ್, ಡಿ ಡೋರಿಯನ್‌ನಲ್ಲಿ ಎಫ್, ವ್ಯತ್ಯಾಸ ಅಷ್ಟೇ. ಆದರೆ ಡಿ–ಸಿ–ಜಿ ಪವರ್ ಕಾರ್ಡ್‌ಗಳ ಹಳೇ ರಾಕ್ ರಿಫ್‌ನಲ್ಲಿ ಇವೆರಡೂ ಇರುವುದೇ ಇಲ್ಲ. ಬಣ್ಣ ತುಂಬುವುದು ಹಾಡುವವರು ಇಲ್ಲವೇ ಲೀಡ್ ಗಿಟಾರ್.

ಸದ್ಯದ ಅಭ್ಯಾಸ ಹೀಗಿದೆ: ಆರನೇ ತಂತಿಯನ್ನು ಡಿಗೆ ಇಳಿಸಿ ಡ್ರೋನ್ ಆಗಿ, ಅಂದರೆ ಶ್ರುತಿಯಂತೆ, ಮೀಟುತ್ತಾ, ಮೊದಲು ಎಫ್ ಶಾರ್ಪ್, ಆಮೇಲೆ ಎಫ್ ಹಾಡುವುದು, ಹಾಡಿದ ಮೇಲಷ್ಟೇ ನಾಲ್ಕನೇ ತಂತಿಯ 4 ಮತ್ತು 3ನೇ ಫ್ರೆಟ್ ಒತ್ತಿ ಸರಿನೋಡುವುದು. ಡ್ರೋನ್ ಇದ್ದಾಗ ಎರಡೂ ಸ್ಪಷ್ಟ.

ತೊಡಕು ರಿಫ್‌ನಲ್ಲಿ. ಜಿ ಮೇಲೆ ಹೆಚ್ಚು ಹೊತ್ತು ನಿಂತರೆ ಕಿವಿ ಅದನ್ನೇ ಆಧಾರವೆಂದುಕೊಳ್ಳುತ್ತದೆ, ಎಲ್ಲವೂ ಜಿ ಮೇಜರ್ ಅನ್ನಿಸುತ್ತದೆ. ಇನ್ನು ಬ್ಲೂಸ್ ಶೈಲಿಯಲ್ಲಿ ಎಫ್ ಅನ್ನು ಅರ್ಧಂಬರ್ಧ ಬೆಂಡ್ ಮಾಡಿದರಂತೂ ಅದು ಎರಡರ ನಡುವೆಯೇ ಉಳಿಯುತ್ತದೆ. ಡ್ರೋನ್ ಇಲ್ಲದೆ ಡಿಯನ್ನು ಮನಸ್ಸಲ್ಲಿ ಹಿಡಿದಿಡಲು ಯಾವ ಅಭ್ಯಾಸ ಮಾಡಿಸುತ್ತೀರಿ? ಅಂಥ ಬೆಂಡನ್ನು ಯಾವ ಮೋಡ್‌ಗೆ ಸೇರಿಸುತ್ತೀರಿ?