ಮಾರ್ಚ್ 31ಕ್ಕೆ ಕರೆಯೋ ಹಸು, ನಿಂತ ಕಬ್ಬು: ಫೇರ್ ವ್ಯಾಲ್ಯೂ ಹಾಕುವ ಬಗೆ

ಮದ್ದೂರು ಅಕೌಂಟ್ಸ್: ನಮ್ಮದು ಲಿಸ್ಟೆಡ್ ಕಂಪನಿಯೊಂದರ ಅಂಗಸಂಸ್ಥೆ, ಹಾಗಾಗಿ ಭಾರತೀಯ ಲೆಕ್ಕಪತ್ರ ಮಾನದಂಡ, ಅಂದರೆ ಇಂಡ್ ಎಎಸ್, ಕಡ್ಡಾಯ. ಎಚ್‌ಎಫ್ ಮಿಶ್ರತಳಿ ಹಸುಗಳ ಡೈರಿ ಇದೆ, ಜೊತೆಗೆ ಹತ್ತು ಎಕರೆ ಕಬ್ಬು. ಮಾರ್ಚ್ 31ಕ್ಕೆ ಎರಡಕ್ಕೂ ಫೇರ್ ವ್ಯಾಲ್ಯೂ, ಅಂದರೆ ಆ ದಿನದ ಮಾರುಕಟ್ಟೆ ಬೆಲೆ, ಹಾಕಬೇಕು. ಈ ಕೆಲಸ ಮಾಡಿರುವವರು ದರ ಎಲ್ಲಿಂದ ತರುತ್ತೀರಿ, ಲೆಕ್ಕ ಎಲ್ಲಿ ತಪ್ಪುತ್ತೆ ಅಂತ ಹೇಳಿ.

ಕೂಳೆ ಕಬ್ಬು: ಇಷ್ಟು ತಲೆ ಕೆಡಿಸಿಕೊಳ್ಳುವ ಅಗತ್ಯ ಇಲ್ಲ ಸರ್. ಹಲವು ವರ್ಷ ಫಲ ಕೊಡೋದನ್ನೆಲ್ಲ ಈಗ ಯಂತ್ರದ ಹಾಗೆ ಸ್ಥಿರಾಸ್ತಿಯಲ್ಲಿ ಇಟ್ಟು ಡಿಪ್ರಿಸಿಯೇಶನ್ ಹಾಕಬಹುದು, ಬೇರರ್ ಪ್ಲಾಂಟ್ ನಿಯಮ ಇದೆಯಲ್ಲ. ಹಸು ಐದಾರು ಸೂಲು ಹಾಲು ಕೊಡುತ್ತೆ, ಕಬ್ಬು ಕಡಿದ ಮೇಲೆ ಅದೇ ಬೇರಿನಿಂದ ಎರಡು ಕೂಳೆ ಬೆಳೆ ಬರುತ್ತೆ. ಎರಡನ್ನೂ ಕೊಂಡ ಬೆಲೆಗೇ ಇಟ್ಟುಬಿಡಿ.

ಆಡಿಟ್ ಮೇಷ್ಟ್ರು: ಇದು ಅರ್ಧ ಸರಿ. ಆ ನಿಯಮ ಗಿಡಗಳಿಗೆ ಮಾತ್ರ. ಪ್ರಾಣಿಗಳನ್ನು ಬೇಕೆಂದೇ ಹೊರಗಿಟ್ಟಿದ್ದಾರೆ, ಆದ್ದರಿಂದ ಹಸು ಎಷ್ಟು ಸೂಲು ಹಾಕಿದರೂ ಕೃಷಿಯ ಮಾನದಂಡವಾದ ಇಂಡ್ ಎಎಸ್ 41ರ ಕೆಳಗೇ ಬರುತ್ತೆ. ಅದಕ್ಕೆ ಡಿಪ್ರಿಸಿಯೇಶನ್ ಇಲ್ಲ. ವಯಸ್ಸಾಗಿ ಬೆಲೆ ಇಳಿದರೆ ಆ ಇಳಿಕೆ ಫೇರ್ ವ್ಯಾಲ್ಯೂದಲ್ಲೇ ಕಾಣಿಸುತ್ತೆ. ಕಬ್ಬಿನಲ್ಲಿ ನೀವು ಹೇಳಿದ್ದು ಬೇರಿಗೆ ಸರಿ. ಮೊದಲು ನಾಟಿ ಮಾಡಿದ ತನಿ ಬೆಳೆ ಮತ್ತು ಎರಡು ಕೂಳೆ ತೆಗೆಯುವುದಾದರೆ ಉಳುಮೆ, ಬಿತ್ತನೆ ಕಬ್ಬು, ನಾಟಿ ಕೂಲಿ ಸ್ಥಿರಾಸ್ತಿಗೆ ಹೋಗಿ ಮೂರು ಕಟಾವಿಗೆ ಹಂಚಿಕೆ ಆಗುತ್ತೆ. ಆದರೆ ಆ ಬೇರಿನ ಮೇಲೆ ನಿಂತಿರುವ ಕಬ್ಬು ಬೇರೆಯೇ ಆಸ್ತಿ. ಅದಕ್ಕೆ ಫೇರ್ ವ್ಯಾಲ್ಯೂ ಹಾಕಲೇಬೇಕು.

ಮದ್ದೂರಿನವರೇ, ಮೊದಲು ಹಸು. ಎಲ್ಲಾ ಹಸುವಿಗೂ ಒಂದೇ ಸರಾಸರಿ ಬೆಲೆ ಹಾಕಬೇಡಿ, ಆಡಿಟರ್ ಮೊದಲು ಹಿಡಿಯೋದೇ ಅದನ್ನು. ಸಂತೆಯಲ್ಲಿ ಕೊಳ್ಳುವವನು ಹೇಗೆ ವಿಂಗಡಿಸುತ್ತಾನೋ ಹಾಗೆ ಗುಂಪು ಮಾಡಿ: ಕರು, ಕಡಸು, ಗಬ್ಬದ ಕಡಸು, ಮೊದಲ ಸೂಲು, ಎರಡು ಮೂರನೇ ಸೂಲು, ಆಮೇಲಿನದು, ತೆಗೆದುಹಾಕಬೇಕಾದದ್ದು. ಕರೆಯೋ ಹಸುಗಳೊಳಗೆ ದಿನದ ಹಾಲಿನ ಪ್ರಮಾಣದ ಮೇಲೆ ಇನ್ನೊಂದು ಸಲ ಒಡೆಯಿರಿ. ಹತ್ತು ಲೀಟರ್ ಹಸುವಿಗೂ ಹದಿನೆಂಟು ಲೀಟರ್ ಹಸುವಿಗೂ ಒಂದೇ ದರ ಹೇಳುವ ದಲ್ಲಾಳಿ ಎಲ್ಲೂ ಇಲ್ಲ. ಗಬ್ಬದ ಹಸುವಿನ ದರದಲ್ಲಿ ಹೊಟ್ಟೆಯ ಕರು ಸೇರಿಯೇ ಇರುತ್ತೆ, ಅದಕ್ಕೆ ಬೇರೆ ಮೌಲ್ಯ ಕಟ್ಟಬೇಡಿ. ಕೆಚ್ಚಲಲ್ಲಿರುವ ಹಾಲಿಗೂ ಹಾಗೆಯೇ. ಕರೆದ ಕ್ಷಣಕ್ಕಷ್ಟೇ ಹಾಲು ಬೇರೆ ಉತ್ಪನ್ನ.

ಪಟ್ಟಿಗೆ ಆಧಾರ ಕಿವಿಯ ಹಳದಿ ಓಲೆ. ಅದರ ಹನ್ನೆರಡು ಅಂಕಿಯ ನಂಬರ್ ಹಿಡಿದು ಕೊಟ್ಟಿಗೆಯಲ್ಲಿ ಎಣಿಸಿ, ರಿಜಿಸ್ಟರ್‌ಗೆ ತಾಳೆ ಹಾಕಿ, ಸೂಲು ಮತ್ತು ಗಬ್ಬದ ತಿಂಗಳನ್ನು ಪಶುವೈದ್ಯರಿಂದ ಬರೆಸಿ. ಸತ್ತ ಹಸುವಿನ ಓಲೆ ರಿಜಿಸ್ಟರ್‌ನಲ್ಲಿ ಬದುಕಿರೋದು, ಓಲೆ ಬಿದ್ದುಹೋದ ಹಸು ಎರಡು ಸಲ ಎಣಿಕೆಯಾಗೋದು, ಇವೆರಡೂ ಸಾಮಾನ್ಯ.

ದಲ್ಲಾಳಿ ಮಗ: ದರದ ಬಗ್ಗೆ ಒಂದು ಮಾತು. ಘಾಟಿ ಜಾತ್ರೆಯ ದರ ತಂದು ಹಾಕಬೇಡಿ. ಅಲ್ಲಿ ಹೆಸರುವಾಸಿ ಹಳ್ಳಿಕಾರ್ ಜೋಡೆತ್ತು, ನಿಮ್ಮ ಎಚ್‌ಎಫ್ ಹಸುವಿಗೂ ಆ ಬೆಲೆಗೂ ಸಂಬಂಧ ಇಲ್ಲ. ನಿಮ್ಮ ಸುತ್ತಿನ ಹಾಲು ಹಸುವಿನ ಸಂತೆ, ಇಲ್ಲ ಫಾರ್ಮ್‌ನಿಂದ ಫಾರ್ಮ್‌ಗೆ ಮಾರಾಟವಾದ ದರವೇ ಸರಿ. ಅದೂ ಕೇಳಿದ ಬೆಲೆ ಅಲ್ಲ, ಕೈ ಬದಲಾದ ಬೆಲೆ. ಮಾರ್ಚ್‌ನಲ್ಲಿ ಹಸಿರು ಮೇವು ಇಲ್ಲದಿದ್ದರೆ ಮಾರುವವರೇ ಜಾಸ್ತಿ, ದರ ಬೀಳುತ್ತೆ. ನವೆಂಬರ್‌ನ ಚೀಟಿ ಇಟ್ಟುಕೊಂಡು ಮಾರ್ಚ್ ಲೆಕ್ಕ ಮಾಡಬೇಡಿ.

ಬರಡು ಹಸುವಿನದು ಇನ್ನೊಂದು ಕಥೆ. 2020ರ ಗೋಹತ್ಯೆ ನಿಷೇಧ ಕಾಯ್ದೆಯ ಮೇಲೆ ಕರ್ನಾಟಕದಲ್ಲಿ ಹಸುವನ್ನು ಕಡಿಯೋಕೆ ಮಾರುವಂತಿಲ್ಲ, ಕಡಿಯೋಕೆ ಅಂತ ಹೊರ ರಾಜ್ಯಕ್ಕೆ ಸಾಗಿಸುವಂತೆಯೂ ಇಲ್ಲ. ವಿನಾಯಿತಿ ಇರೋದು 13 ವರ್ಷ ದಾಟಿದ ಎಮ್ಮೆ ಕೋಣಕ್ಕೆ. ಯಾರೋ ಹೇಳಿದ ಹಳೆ ಮಾಂಸದ ದರವನ್ನು ಬರಡು ಹಸುವಿಗೆ ಹಾಕಿದರೆ ಅದು ಕಾನೂನಿನಲ್ಲಿ ಇಲ್ಲದ ಮಾರುಕಟ್ಟೆಯ ದರ. ಗಂಡು ಕರುವಿಗೆ ಕೊಳ್ಳುವವರೇ ಇಲ್ಲದಿದ್ದರೆ ಸೊನ್ನೆ ಹಾಕಿ, ಆದರೆ ತಲೆ ಎಣಿಕೆಯಿಂದ ಬಿಡಬೇಡಿ.

ಕೋಲಾರ ಗೌಡ್ರು: ನಮ್ಮಲ್ಲಿ ಆರು ಹಸು ಇದೆ, ಎಲ್ಲಕ್ಕೂ ಇನ್ಶೂರೆನ್ಸ್ ಇದೆ. ಡಾಕ್ಟರು ಬಂದು ನೋಡಿ ಎಪ್ಪತ್ತು ಸಾವಿರ ಅಂತ ಬರೆದುಕೊಟ್ಟಿದ್ದಾರೆ. ಅದೇ ಫೇರ್ ವ್ಯಾಲ್ಯೂ ಅಲ್ವಾ? ನಾನೂ ಬ್ಯಾಲೆನ್ಸ್ ಶೀಟ್‌ನಲ್ಲಿ ಅದನ್ನೇ ಹಾಕಿಸಲಾ?

ಆಡಿಟ್ ಮೇಷ್ಟ್ರು: ಗೌಡ್ರೇ, ನಿಮಗೆ ಇಂಡ್ ಎಎಸ್ ಅನ್ವಯಿಸಲ್ಲ. ಅದು ಲಿಸ್ಟೆಡ್ ಕಂಪನಿಗಳಿಗೆ, 250 ಕೋಟಿ ಅಥವಾ ಹೆಚ್ಚು ನಿವ್ವಳ ಮೌಲ್ಯದ ಕಂಪನಿಗಳಿಗೆ, ಮತ್ತು ಅವುಗಳ ಅಂಗಸಂಸ್ಥೆಗಳಿಗೆ. ನೀವು ಕೊಂಡ ಬೆಲೆಯಲ್ಲೇ ಇಟ್ಟುಕೊಳ್ಳಿ. ವಿಮೆಯ ಮೊತ್ತ ಪಾಲಿಸಿ ಮಾಡಿದ ದಿನ ಒಪ್ಪಿಕೊಂಡದ್ದು, ವರ್ಷಾಂತ್ಯದ ದರ ಅಲ್ಲ. ಮದ್ದೂರಿನವರು ಅದನ್ನು ತಾಳೆ ನೋಡೋಕೆ ಬಳಸಬಹುದು: ನಿಮ್ಮ ದರ ವಿಮೆ ಮೊತ್ತಕ್ಕಿಂತ ತುಂಬಾ ಮೇಲಿದ್ದರೆ ಯಾಕೆ ಅಂತ ಉತ್ತರ ಇಟ್ಟುಕೊಂಡಿರಿ.

ಈಗ ಒಂದು ಗುಂಪಿನ ಲೆಕ್ಕ, ಅಂಕಿ ಬರೀ ಉದಾಹರಣೆಗೆ. ಏಪ್ರಿಲ್ 1ಕ್ಕೆ 20 ಗಬ್ಬದ ಕಡಸು, ತಲಾ 60,000, ಒಟ್ಟು 12,00,000. ವರ್ಷದಲ್ಲಿ ಒಂದು ಸತ್ತಿತು. ಎರಡು ಕೆಚ್ಚಲು ಬಾವಿನಿಂದ ಕೆಟ್ಟು ತಲಾ 15,000ಕ್ಕೆ ಹೋದವು. ಉಳಿದ 17 ಕರು ಹಾಕಿ ಮೊದಲ ಸೂಲಿನ ಹಸುಗಳಾದವು. ಮಾರ್ಚ್ 31ಕ್ಕೆ ಅಂಥ ಹಸುವಿನ ಸಂತೆ ದರ 82,000. ಸಂತೆಗೆ ಸಾಗಿಸುವ ಖರ್ಚು 2,500 ಕಳೆದರೆ 79,500, ಇದು ನಿಮ್ಮ ಕೊಟ್ಟಿಗೆಯಲ್ಲಿರುವ ಹಸುವಿನ ಫೇರ್ ವ್ಯಾಲ್ಯೂ. ದಲ್ಲಾಳಿ ಕಮಿಷನ್ 1,500 ಮಾರಾಟದ ಖರ್ಚು, ಅದನ್ನೂ ಕಳೆದರೆ 78,000. ಸಾಗಣೆ ಮತ್ತು ಕಮಿಷನ್ ಎರಡೂ ಕಳೆಯುತ್ತವೆ, ಆದರೆ ಬೇರೆ ಬೇರೆ ಹಂತದಲ್ಲಿ. ಒಂದೇ ಸಾಗಣೆಯನ್ನು ಎರಡೂ ಕಡೆ ಕಳೆಯೋದು ಆಗಾಗ ಕಾಣುವ ತಪ್ಪು.

ಅದೇ ದಿನ ಗಬ್ಬದ ಕಡಸಿನ ದರ, ಎಲ್ಲಾ ಕಳೆದು, 64,000 ಅಂತ ಇಟ್ಟುಕೊಳ್ಳಿ. ಹಾಗಾದರೆ ತಲಾ 4,000 ಬರೀ ಮಾರುಕಟ್ಟೆ ಏರಿದ್ದು, 17ಕ್ಕೆ 68,000. ಕಡಸು ಹಸುವಾದದ್ದಕ್ಕೆ ತಲಾ 14,000, 17ಕ್ಕೆ 2,38,000. ಸತ್ತದ್ದರ ನಷ್ಟ 60,000. ಮಾರಿದ ಎರಡರ ಇಳಿಕೆ 90,000, ಮಾರಾಟದಿಂದ ಬಂದದ್ದು 30,000. 12,00,000ಕ್ಕೆ 3,06,000 ಕೂಡಿಸಿ 1,80,000 ಕಳೆದರೆ 13,26,000, ಅದು 17 ಗುಣಿಸು 78,000ಕ್ಕೆ ಸರಿಹೊಂದುತ್ತೆ. ಹೀಗೆ ಬೆಲೆಯ ಭಾಗವನ್ನೂ ಬೆಳವಣಿಗೆಯ ಭಾಗವನ್ನೂ ಬೇರೆ ತೋರಿಸೋದು ಕಡ್ಡಾಯವಲ್ಲ, ಮಾನದಂಡ ಪ್ರೋತ್ಸಾಹಿಸುತ್ತೆ ಅಷ್ಟೆ. ಆದರೂ ಮಾಡಿ. ಫಾರ್ಮ್ ಚೆನ್ನಾಗಿ ನಡೆದಿದೆಯೋ ಅಥವಾ ಸಂತೆ ಏರಿದೆಯೋ ಅಂತ ಮ್ಯಾನೇಜ್‌ಮೆಂಟ್‌ಗೆ ತಿಳಿಯೋದು ಇದರಿಂದ ಮಾತ್ರ.

ಹುಟ್ಟಿದ ಹೆಣ್ಣು ಕರು ಎಂಟು, ತಲಾ 5,000 ಅಂದರೆ 40,000 ಹುಟ್ಟಿದ ದಿನವೇ ಲಾಭ. ಮೇವು, ಹಿಂಡಿ, ಔಷಧಿಯನ್ನು ಖರ್ಚಿಗೇ ಬರೆಯಿರಿ. ಕಡಸಿನ ಮೇವನ್ನು ಆಸ್ತಿಗೆ ಸೇರಿಸಿ ಅದರ ಮೇಲೆ ಪೂರ್ತಿ ಫೇರ್ ವ್ಯಾಲ್ಯೂ ಲಾಭವನ್ನೂ ಸೇರಿಸಿದರೆ ಹಸು ಎರಡು ಸಲ ದಪ್ಪ ಆಗುತ್ತೆ.

ತೆರಿಗೆ ಟೇಬಲ್: ಇದಕ್ಕೆ ಒಂದು ಸೇರಿಕೆ. ರಿಜಿಸ್ಟರ್‌ನಲ್ಲಿ ಕೊಂಡ ಅಸಲು ಬೆಲೆಯ ಕಾಲಂ ಅಳಿಸಬೇಡಿ. ಹಾಲು ಕರೆಯೋಕೆ ಸಾಕಿದ ಹಸು ಸತ್ತರೆ ಅಥವಾ ಶಾಶ್ವತವಾಗಿ ಕೆಲಸಕ್ಕೆ ಬಾರದಾದರೆ ಆದಾಯ ತೆರಿಗೆಯಲ್ಲಿ ಸಿಗೋ ಕಡಿತ ಅಸಲು ಬೆಲೆಯಲ್ಲಿ ಕೈಗೆ ಬಂದದ್ದನ್ನು ಕಳೆದು, ಪುಸ್ತಕದ 60,000 ಅಲ್ಲ. ಹೈನುಗಾರಿಕೆ ಕೃಷಿ ಆದಾಯ ಅಲ್ಲದ್ದರಿಂದ ಈ ವ್ಯತ್ಯಾಸಕ್ಕೆ ಡೆಫರ್ಡ್ ಟ್ಯಾಕ್ಸ್, ಅಂದರೆ ಮುಂದೆ ಬರುವ ತೆರಿಗೆಯ ಲೆಕ್ಕ, ಬರುತ್ತೆ. ಕಬ್ಬು ಬೆಳೆದು ಹಾಗೇ ಮಾರಿದರೆ ಅದು ಕೃಷಿ ಆದಾಯ, ಅಲ್ಲಿ ಆ ಪ್ರಶ್ನೆ ಇಲ್ಲ.

ಮದ್ದೂರು ಅಕೌಂಟ್ಸ್: ಹಸು ಅರ್ಥ ಆಯ್ತು. ಕಬ್ಬು ಮಾರ್ಚ್ 31ಕ್ಕೆ ಎಂಟು ತಿಂಗಳದು, ಜುಲೈ ಕೊನೆಗೆ ಕಟಾವು. ಎಂಟು ತಿಂಗಳ ಕಬ್ಬಿಗೆ ಮಾರುಕಟ್ಟೆಯೇ ಇಲ್ಲವಲ್ಲ, ಖರ್ಚನ್ನೇ ಹಾಕಬಹುದಾ?

ಆಡಿಟ್ ಮೇಷ್ಟ್ರು: ಈಗತಾನೇ ನಾಟಿ ಆಗಿದ್ದರೆ ಖರ್ಚನ್ನು ಹಾಕಬಹುದಿತ್ತು, ಏಕೆಂದರೆ ಬೆಳವಣಿಗೆಯೇ ಆಗಿರಲ್ಲ. ಎಂಟು ತಿಂಗಳಿಗೆ ಆಗದು. ಕಟಾವಿನಿಂದ ಹಿಂದಕ್ಕೆ ಲೆಕ್ಕ ಹಾಕಿ. ಎಕರೆಗೆ 40 ಟನ್ ಅಂದರೆ 400 ಟನ್, ಕಾರ್ಖಾನೆ ಗೇಟ್ ದರ ಟನ್‌ಗೆ 3,400 ಆದರೆ 13,60,000. ಕಟಾವು ಮತ್ತು ಸಾಗಣೆ ಟನ್‌ಗೆ 800ರಂತೆ 3,20,000 ಹೋಯಿತು. ಉಳಿದ ನಾಲ್ಕು ತಿಂಗಳ ನೀರು, ಗೊಬ್ಬರ, ಕೂಲಿ 80,000. ಇಲ್ಲಿಗೆ ನಿಲ್ಲಿಸಿಬಿಡೋದೇ ದೊಡ್ಡ ತಪ್ಪು. ಜಮೀನು ನಿಮ್ಮದೇ ಆದರೂ ಅದರ ಗುತ್ತಿಗೆ ಕಳೆಯಬೇಕು: ಎಕರೆಗೆ ವರ್ಷಕ್ಕೆ 30,000 ಇದ್ದರೆ ನಾಲ್ಕು ತಿಂಗಳಿಗೆ 1,00,000. ಬೇರಿನ ಪಾಲೂ ಕಳೆಯಬೇಕು: ನಾಟಿ ಖರ್ಚು 3,60,000 ಮೂರು ಬೆಳೆಗೆ ಹಂಚಿದರೆ ಬೆಳೆಗೆ 1,20,000, ನಾಲ್ಕು ತಿಂಗಳಿಗೆ 40,000. ಇಲ್ಲದಿದ್ದರೆ ನೆಲದ ಮತ್ತು ಬೇರಿನ ಗಳಿಕೆ ಕಬ್ಬಿನ ಲಾಭ ಅಂತ ಕಾಣುತ್ತೆ. ಉಳಿದದ್ದು 8,20,000. ಬಡ್ಡಿ ವರ್ಷಕ್ಕೆ 12 ಶೇಕಡಾ ಹಿಡಿದರೆ ನಾಲ್ಕು ತಿಂಗಳಿಗೆ 4 ಶೇಕಡಾ, ಇಂದಿನ ಮೌಲ್ಯ ಸುಮಾರು 7,88,000.

ದರಕ್ಕೆ ಆಧಾರ: ಸಕ್ಕರೆ ಹಂಗಾಮು ಅಕ್ಟೋಬರ್‌ನಿಂದ ಸೆಪ್ಟೆಂಬರ್‌ವರೆಗೆ, ಹಾಗಾಗಿ ಜುಲೈ ಕಟಾವು ಆಗಲೇ ಘೋಷಣೆಯಾದ, ಕೇಂದ್ರ ಸರ್ಕಾರ ಕಬ್ಬಿಗೆ ನಿಗದಿ ಮಾಡುವ ಕನಿಷ್ಠ ದರವಾದ ಎಫ್‌ಆರ್‌ಪಿ ಒಳಗೇ ಬರುತ್ತೆ. 2025-26ಕ್ಕೆ ಅದು 10.25 ಶೇಕಡಾ ಸಕ್ಕರೆ ಇಳುವರಿಗೆ ಕ್ವಿಂಟಲ್‌ಗೆ 355 ರೂಪಾಯಿ, ಇಳುವರಿ 9.5ಕ್ಕಿಂತ ಕೆಳಗಿದ್ದರೆ 329.05. ನಿಮ್ಮ ಕಬ್ಬು ಹೋಗುವ ಕಾರ್ಖಾನೆಯ ಇಳುವರಿ ನೋಡಿ ಎರಡರ ನಡುವೆ ಎಲ್ಲಿ ನಿಲ್ಲುತ್ತೀರಿ ಅಂತ ಬರೆದಿಡಿ.

ವ್ಯಾಲ್ಯುಯೇಶನ್ ಅಕ್ಕ: 12 ಶೇಕಡಾ ಕಡಿಮೆ ಆಯ್ತು ಮೇಷ್ಟ್ರೇ. ಬರ, ಗೊಣ್ಣೆಹುಳ, ಕಾರ್ಖಾನೆ ತಡ, ಇಷ್ಟೆಲ್ಲ ಅಪಾಯ ಇರುವ ಬೆಳೆಗೆ ಕೊಳ್ಳುವವನು 18 ಕೇಳುತ್ತಾನೆ.

ಆಡಿಟ್ ಮೇಷ್ಟ್ರು: 18 ಹಾಕಿದರೂ 7,74,000ದ ಹತ್ತಿರ ಬರುತ್ತೆ ಮೇಡಂ, ವ್ಯತ್ಯಾಸ ಸುಮಾರು 15,000. ಎಕರೆಗೆ 40ರ ಬದಲು 36 ಟನ್ ಹಿಡಿದು ನೋಡಿ, 12 ಶೇಕಡಾಕ್ಕೇ 6,88,000ಕ್ಕೆ ಇಳಿಯುತ್ತೆ, ಒಂದು ಲಕ್ಷ ಕಮ್ಮಿ. ನಾಲ್ಕು ತಿಂಗಳ ಬೆಳೆಯಲ್ಲಿ ಜಗಳ ಆಡಬೇಕಾದ್ದು ಬಡ್ಡಿ ದರದ ಮೇಲಲ್ಲ, ಟನ್ ಮೇಲೆ. ಅದೇ ತಾಕಿನ ಹಿಂದಿನ ತೂಕದ ಚೀಟಿ ತೆಗೆಯಿರಿ. ಕೂಳೆಯಲ್ಲಿ ತನಿ ಬೆಳೆಗಿಂತ ಇಳುವರಿ ಎಷ್ಟು ಇಳಿಯುತ್ತೆ ಅಂತ ಅದರಿಂದಲೇ ಗೊತ್ತಾಗುತ್ತೆ. ಜೊತೆಗೆ ಸಾಲುಗಳಲ್ಲಿ ಅಲ್ಲಲ್ಲಿ ಅಳತೆ ಹಿಡಿದು ಗಳ ಎಣಿಸಿ.

ವ್ಯಾಲ್ಯುಯೇಶನ್ ಅಕ್ಕ: ಟನ್ ಇಳಿಸೋದು ಒಪ್ಪುತ್ತೇನೆ, ಆದರೆ ಆಗ ಬಡ್ಡಿಯಲ್ಲೂ ಅದೇ ಬರ ಮತ್ತು ಹುಳದ ಅಪಾಯ ಸೇರಿಸಬಾರದು, ಎರಡು ಸಲ ಕಳೆದಂತಾಗುತ್ತೆ. ಕಾರ್ಖಾನೆ ಹಣ ಕೊಡೋದು ತಡ ಆಗುವ ಅಪಾಯ ಮಾತ್ರ ಟನ್‌ನಲ್ಲಿ ಬರಲ್ಲ. ಅದನ್ನು ಬಡ್ಡಿಯಲ್ಲಿ ಇಡಬೇಕೋ, ಹಣ ಬರುವ ತಿಂಗಳನ್ನೇ ಮುಂದೆ ಹಾಕಬೇಕೋ, ನನಗೆ ಎರಡನೆಯದೇ ಮೇಲು ಅನ್ನಿಸುತ್ತೆ. ನಿಮ್ಮ ಆಡಿಟರ್ ಜೊತೆ ಫೆಬ್ರವರಿಯಲ್ಲೇ ಇದನ್ನು ಮಾತಾಡಿ ಮುಗಿಸಿಕೊಳ್ಳಿ.